ಒಪ್ಪತ್ತಿದ್ದವರು ಉಪವಾಸ ಇಲ್ಲ ಅಂದಾಗ

ಮಕ್ತಲ್ ಸೀಮೆಯಲ್ಲಿ ಸೋಮವಾರವೋ ಶನಿವಾರವೋ ಒಪ್ಪತ್ತು ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಬೆಳಿಗ್ಗೆ ಒಂದು ಕಪ್ಪು ಚಹಾ ಕುಡಿದರೆ ಮುಗಿಯಿತು, ದೀಪ ಹಚ್ಚಿದ ಮೇಲೆಯೇ ಊಟ. ಅಂಥ ಮನೆಯ ಹುಡುಗನೊಬ್ಬ ಶನಿವಾರ ಹನ್ನೊಂದು ಗಂಟೆಗೆ ರಕ್ತದಾನ ಶಿಬಿರದ ಮೇಜಿನ ಮುಂದೆ ಬಂದು ಕೂರುತ್ತಾನೆ ಎಂದುಕೊಳ್ಳಿ. ಕಳೆದ ನಾಲ್ಕು ಗಂಟೆಯಲ್ಲಿ ಏನಾದರೂ ತಿಂದಿದ್ದೀರಾ ಎಂದು ಫಾರಂನಲ್ಲಿ ಅಚ್ಚಾಗಿರುತ್ತದೆ. ಆದರೆ ಹಿಂದೆ ಸಾಲು ಬೆಳೆಯುತ್ತಿದೆ. ಫಾರಂ ತುಂಬುವ ಸ್ವಯಂಸೇವಕ ಆ ಉದ್ದನೆಯ ಪ್ರಶ್ನೆಯನ್ನು ಒಂದೇ ಮಾತಿಗೆ ಇಳಿಸಿ "ಉಪವಾಸ ಏನಾರ ಅದೀಯೇನು?" ಎಂದು ಕೇಳುತ್ತಾನೆ. ಹುಡುಗ "ಇಲ್ಲ" ಎನ್ನುತ್ತಾನೆ.

ಅವನು ಸುಳ್ಳು ಹೇಳಿಲ್ಲ. ಅವನ ಮನೆಯಲ್ಲಿ ಉಪವಾಸ ಎಂದರೆ ಶಿವರಾತ್ರಿಗೆ ಇರುವುದು, ಏಕಾದಶಿಗೆ ಇರುವುದು. ಒಪ್ಪತ್ತು ಬೇರೆ, ಉಪವಾಸ ಬೇರೆ. ಕೇಳಿದವನೂ ತಪ್ಪಾಗಿ ಕೇಳಿಲ್ಲ. ಇಬ್ಬರೂ ಪ್ರಾಮಾಣಿಕರು, ಇಬ್ಬರಿಗೂ ಕನ್ನಡ ಬರುತ್ತದೆ. ಹಾಗಿದ್ದರೂ ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಚಹಾ ಬಿಟ್ಟು ಏನೂ ಬೀಳದ ಹುಡುಗನ ತೋಳಿಗೆ ಸೂಜಿ ಇಳಿಯುತ್ತದೆ, ಮತ್ತು ಅರ್ಧ ಗಂಟೆಯ ಮೇಲೆ ಬೈಕಿನ ಹತ್ತಿರ ನಿಂತಾಗ ಅವನಿಗೆ ಚಕ್ಕರ್ ಬರುತ್ತದೆ.

ರಕ್ತದಾನ ಶಿಬಿರದಲ್ಲಿ ಕೈಗೆ ಬರುವ ಕಾಗದಗಳು ಎರಡು. ರಕ್ತ ಕೊಡುವ ಮುಂಚೆ ತುಂಬುವ ಪ್ರಶ್ನಾವಳಿ ಒಂದು, ಕೊಟ್ಟ ಮೇಲೆ ಕೊಡುವ ಸಲಹಾ ಚೀಟಿ ಇನ್ನೊಂದು. ಮೊದಲನೆಯದನ್ನು ಜನ ಸರಕಾರಿ ಅರ್ಜಿಯಂತೆ ತುಂಬುತ್ತಾರೆ, ಎರಡನೆಯದನ್ನು ಬಿಸ್ಕತ್ತಿನ ಪೊಟ್ಟಣದ ಜೊತೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಇವು ರಕ್ತ ಪರೀಕ್ಷೆಯಷ್ಟೇ ಕೆಲಸ ಮಾಡುವ ಕಾಗದಗಳು. ಒಂದೇ ವ್ಯತ್ಯಾಸ, ಇವುಗಳಲ್ಲಿ ಪರೀಕ್ಷೆ ನಡೆಯುವುದು ಮಾತಿನಿಂದ. ಮಾತು ತಪ್ಪಿದರೆ ಪರೀಕ್ಷೆಯೇ ತಪ್ಪುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲದಂಥ ಎರಡು ಮಾತಿನ ಸೀಮೆಯಲ್ಲಿ ಅದು ತಪ್ಪಲು ದಾರಿಗಳು ಹೆಚ್ಚು.

ಈ ಸೀಮೆಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬೇಕು. 1956ರ ನವೆಂಬರ್ 1ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ಭಾಷಾವಾರು ಪ್ರಾಂತ ರಚನೆಯಾದಾಗ ರಾಯಚೂರು ಮೈಸೂರಿಗೆ ಬಂತು, ಗದ್ವಾಲ ಮತ್ತು ಆಲಂಪುರ ಮಹಬೂಬನಗರ ಜಿಲ್ಲೆಗೆ ಸೇರಿದವು. ಈಗ ಗದ್ವಾಲ ಜೋಗುಳಾಂಬ ಗದ್ವಾಲ ಜಿಲ್ಲೆಯ ಕೇಂದ್ರ. ಮಕ್ತಲ್ ಇರುವ ನಾರಾಯಣಪೇಟೆ ಜಿಲ್ಲೆಯಾದದ್ದು 2019ರ ಫೆಬ್ರುವರಿಯಲ್ಲಿ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ, ದೊಡ್ಡ ದವಾಖಾನೆ ಎಂದರೆ ಹೊಳೆ ದಾಟಿ ರಾಯಚೂರಿಗೆ ಹೋಗುವವರಿದ್ದಾರೆ. ಇಲ್ಲಿಯ ಕನ್ನಡಿಗರಿಗೆ ತೆಲುಗು ಬರುವುದಿಲ್ಲ ಎಂದಲ್ಲ. ಸಂತೆ, ಕಚೇರಿ, ಬಸ್ಸು, ಎಲ್ಲ ತೆಲುಗಿನಲ್ಲಿ ಸಾಗುತ್ತವೆ. ಆದರೆ ಬೇನೆಯ ಹೆಸರುಗಳು ಸಂತೆಯಲ್ಲಿ ಕಲಿತವಲ್ಲ. ಮಕ್ಕಳಾಗಿದ್ದಾಗ ಮೈ ಸುಟ್ಟಾಗ ಅವ್ವ ಏನೆಂದಳೋ ಅದೇ ಆ ಬೇನೆಯ ಹೆಸರಾಗಿ ತಲೆಯಲ್ಲಿ ಕೂತಿರುತ್ತದೆ.

ತೆಲಂಗಾಣದ ಶಿಬಿರದಲ್ಲಿ ಫಾರಂ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುವುದು ಸಹಜ. ಅದರಲ್ಲಿ ಪಚ್ಚ ಎಂಬ ಶಬ್ದದಿಂದ ಶುರುವಾಗುವ ಎರಡು ಮಾತು ಬರುತ್ತವೆ. ಪಚ್ಚಕಾಮೆರ್ಲು ಅಂದರೆ ನಮ್ಮ ಕಾಮಣಿ. ಪಚ್ಚಬೊಟ್ಟು ಅಂದರೆ ಹಚ್ಚೆ. ಗಡಿಬಿಡಿಯಲ್ಲಿ ಓದುವ, ತೆಲುಗು ಅಕ್ಷರ ಅಷ್ಟಕ್ಕಷ್ಟೇ ಬರುವ ಕನ್ನಡ ಶಾಲೆಯ ಹುಡುಗನಿಗೆ ಎರಡೂ ಒಂದೇ ಸಾಲಿನಂತೆ ಕಂಡರೆ ಆಶ್ಚರ್ಯವಿಲ್ಲ. ಒಂದು ಪಿತ್ತಜನಕಾಂಗದ ಪ್ರಶ್ನೆ, ಇನ್ನೊಂದು ಸೂಜಿಯ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಉತ್ತರ ಬೇಕು, ಮತ್ತು ಎರಡು ಉತ್ತರಗಳ ಪರಿಣಾಮವೂ ಬೇರೆ.

ಕಾಮಣಿಯನ್ನೇ ತೆಗೆದುಕೊಳ್ಳೋಣ. ರಾಷ್ಟ್ರೀಯ ರಕ್ತ ವರ್ಗಾವಣೆ ಪರಿಷತ್ತು 2017ರಲ್ಲಿ ಹೊರಡಿಸಿದ ದಾನಿ ಆಯ್ಕೆಯ ಮಾರ್ಗಸೂಚಿಯ ಪ್ರಕಾರ, ಬಂದದ್ದು ಹೆಪಟೈಟಿಸ್ ಎ ಅಥವಾ ಇ ಎಂದು ಖಚಿತವಾಗಿ ಗೊತ್ತಿದ್ದರೆ 12 ತಿಂಗಳು ಕಾದು ರಕ್ತ ಕೊಡಬಹುದು. ಇವೆರಡೂ ಕೊಳಕು ನೀರಿನಿಂದ ಬಂದು ವಾಸಿಯಾಗಿ ಹೋಗುವಂಥವು. ಬಿ ಅಥವಾ ಸಿ ಆಗಿದ್ದರೆ ಎಂದಿಗೂ ಕೊಡುವ ಹಾಗಿಲ್ಲ. ಯಾವುದೆಂದು ಗೊತ್ತಿಲ್ಲದ ಹೆಪಟೈಟಿಸ್ ಆಗಿದ್ದರೂ ಎಂದಿಗೂ ಇಲ್ಲ. ಇಲ್ಲಿಯ ಹಳ್ಳಿಗಳಲ್ಲಿ ಕಾಮಣಿ ಎಂದರೆ ನಾಟಿ ಔಷಧಿ, ಪಥ್ಯ, ಉಪ್ಪು ಖಾರ ಬಿಟ್ಟ ಅನ್ನ. ಪ್ರಯೋಗಾಲಯದ ಚೀಟಿ ಯಾರ ಹತ್ತಿರವೂ ಇರುವುದಿಲ್ಲ. ಹೀಗಾಗಿ "ಕಾಮಣಿ ಆಗಿತ್ತು" ಎಂದ ಕೂಡಲೇ ಡಾಕ್ಟರು ಇನ್ನೂ ನಾಲ್ಕು ಮಾತು ಕೇಳಬೇಕಾಗುತ್ತದೆ. ಯಾವ ವಯಸ್ಸಿನಲ್ಲಿ? ಹುಟ್ಟಿದ ವಾರದಲ್ಲೇ? ಹಾಗಿದ್ದರೆ ಅದು ಬಹಳಷ್ಟು ಕೂಸುಗಳಿಗೆ ಬರುವ ಹಳದಿ, ಅದಕ್ಕೆ ತಡೆಯಿಲ್ಲ. ಊರಲ್ಲಿ ಆಗ ಬಹಳ ಜನಕ್ಕೆ ಒಟ್ಟಿಗೆ ಬಂದಿತ್ತೇ? ದವಾಖಾನೆಯಲ್ಲಿ ರಕ್ತ ತೆಗೆದಿದ್ದರೇ? ಕಾಗದ ಇದೆಯೇ? ಒಂದು ಹೌದು ಅಥವಾ ಇಲ್ಲದಲ್ಲಿ ಇದು ಮುಗಿಯುವ ಮಾತಲ್ಲ.

ಪ್ರಯೋಗಾಲಯದಲ್ಲಿ ಹೇಗೂ ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಬಾಯಿಮಾತಿಗೆ ಯಾಕಿಷ್ಟು ಮಹತ್ವ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಂಗ್ರಹಿಸಿದ ಪ್ರತಿ ಚೀಲದ ರಕ್ತಕ್ಕೂ ನಮ್ಮ ದೇಶದಲ್ಲಿ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಆದರೆ ವೈರಸ್ಸು ಮೈಯೊಳಗೆ ಹೊಕ್ಕ ದಿನದಿಂದ ಅದು ಪರೀಕ್ಷೆಗೆ ಕಾಣುವ ದಿನದವರೆಗೆ ಒಂದು ಕುರುಡು ಅವಧಿ ಇರುತ್ತದೆ. ಪ್ರತಿಕಾಯವನ್ನು ಹುಡುಕುವ ಪರೀಕ್ಷೆಗೆ ಎಚ್‌ಐವಿ ಕಾಣಲು ಸುಮಾರು ಮೂರು ವಾರ ಬೇಕು. ಹೆಪಟೈಟಿಸ್ ಬಿ ಕಾಣಲು ತಿಂಗಳಿಗೂ ಹೆಚ್ಚು, ಸಿ ಕಾಣಲು ಎರಡು ತಿಂಗಳಷ್ಟು ಬೇಕಾಗಬಹುದು. ವೈರಸ್ಸಿನ ತುಣುಕನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಈ ಅವಧಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ, ಮತ್ತು ಅದು ಎಲ್ಲ ರಕ್ತಕೇಂದ್ರಗಳಲ್ಲೂ ಇಲ್ಲ. ಕುರುಡು ಅವಧಿಯಲ್ಲಿ ರಕ್ತ ಕೊಟ್ಟವನ ಚೀಲ ಯಂತ್ರದ ಕಣ್ಣಿಗೆ ಶುದ್ಧವಾಗಿಯೇ ಕಾಣುತ್ತದೆ. ಅದನ್ನು ತಡೆಯಬಲ್ಲದ್ದು ದಾನಿಯ ನೆನಪು ಮತ್ತು ಬಾಯಿ ಮಾತ್ರ. ಹಚ್ಚೆ, ಕಿವಿ ಚುಚ್ಚುವಿಕೆ, ಬೇರೆಯವರ ರಕ್ತ ಹಾಕಿಸಿಕೊಂಡದ್ದು, ದೊಡ್ಡ ಶಸ್ತ್ರಚಿಕಿತ್ಸೆ, ಎಲ್ಲಕ್ಕೂ 12 ತಿಂಗಳ ಗಡುವು ಇಟ್ಟಿರುವುದು ಇದೇ ಕುರುಡು ಅವಧಿಯನ್ನು ನಿರಾಳವಾಗಿ ದಾಟಿಸಲಿಕ್ಕೆ.

ಬಾಯಿಮಾತನ್ನು ನಂಬಬೇಕಾದರೆ ಹೇಳುವವನಿಗೆ ಸುಳ್ಳಿನಿಂದ ಲಾಭವಾಗಬಾರದು. ರಕ್ತ ಮಾರಿ ಬದುಕುವವರು ಒಂದು ಕಾಲಕ್ಕೆ ದೇಶದ ತುಂಬ ಇದ್ದರು. ಅಂಥವನಿಗೆ ಫಾರಂನ ಪ್ರತಿ "ಇಲ್ಲ"ವೂ ಆ ದಿನದ ಕೂಲಿ. ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ತೀರ್ಪು ಕೊಟ್ಟಿತು, ಅದರಂತೆ 1998ರ ಜನವರಿ 1ರಿಂದ ರಕ್ತ ಮಾರಾಟ ನಿಂತಿತು. ಅಂದಿನಿಂದ ಪ್ರಶ್ನಾವಳಿಗೆ ಬೆಲೆ ಬಂತು. ಆದರೂ ಒತ್ತಡ ಪೂರ್ತಿ ಹೋಗಿಲ್ಲ. ಹೆರಿಗೆ ಕೋಣೆಯ ಹೊರಗೆ ರಾತ್ರಿ ಹತ್ತು ಗಂಟೆಗೆ "ನಿಮ್ಮವರು ಯಾರಾದರೂ ಒಬ್ಬರು ಕೊಡಿ" ಎಂದಾಗ, ಗಂಡನ ತಮ್ಮ ಹೋದ ತಿಂಗಳ ಜ್ವರವನ್ನು ನೆನಪಿಸಿಕೊಳ್ಳುವುದಿಲ್ಲ. ಶಿಬಿರದ ರಕ್ತ ಇದಕ್ಕಿಂತ ಸುರಕ್ಷಿತ ಎನ್ನುವುದು ಇದೇ ಕಾರಣಕ್ಕೆ. ಅಲ್ಲಿ ಯಾರೂ ಯಾರಿಗೂ ಋಣಿಯಲ್ಲ, ಎದ್ದು ಹೋಗಲು ಅಡ್ಡಿಯಿಲ್ಲ. ಅದಕ್ಕೇ ನಾಯಕರ ಹುಟ್ಟುಹಬ್ಬದ ಶಿಬಿರಗಳಲ್ಲಿ ಇಷ್ಟು ಚೀಲ ಆಗಲೇಬೇಕು ಎಂಬ ಗುರಿ ಹಾಕಿಕೊಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಲೆಕ್ಕ ಬಂತೆಂದರೆ ಒತ್ತಡ ಬಂತು, ಒತ್ತಡ ಬಂತೆಂದರೆ ಫಾರಂನ ಮಾತು ಹಗುರವಾಯಿತು.

ಈಗ ಒಂದು ದಿನವನ್ನು ಪೂರ್ತಿಯಾಗಿ ಕಲ್ಪಿಸಿಕೊಳ್ಳೋಣ. ಜೂನ್ 14, ವಿಶ್ವ ರಕ್ತದಾನಿಗಳ ದಿನ, ಅಂದು ಶನಿವಾರ. ಮಿರಗದ ಮಳೆ ಬಿದ್ದು ಹತ್ತಿ ಬಿತ್ತನೆ ನಡೆದಿದೆ. ಕೃಷ್ಣಾ ಮಂಡಲದ ಒಂದು ಹಳ್ಳಿಯಿಂದ ಅಣ್ಣತಮ್ಮಂದಿರಿಬ್ಬರು ಒಂದೇ ಬೈಕಿನಲ್ಲಿ ಮಕ್ತಲಿನ ಶಿಬಿರಕ್ಕೆ ಬರುತ್ತಾರೆ. ಅಣ್ಣನಿಗೆ 30, ತೂಕ 68 ಕಿಲೋ, ಗಟ್ಟಿಮುಟ್ಟಾದ ಆಳು, ಲಾರಿ ಡ್ರೈವರು. ತಮ್ಮನಿಗೆ 22, ತೂಕ 47 ಕಿಲೋ. ನೋಡಿದವರೆಲ್ಲ ಅಣ್ಣ ಕೊಡುತ್ತಾನೆ, ತಮ್ಮ ಬೇಡ ಎನ್ನುತ್ತಾರೆ.

ಫಾರಂ ಓದಿ ಹೇಳಲು ಕನ್ನಡ ಬಲ್ಲ ಹೆಣ್ಣುಮಗಳೊಬ್ಬಳು ಕೂತಿದ್ದಾಳೆ. ಅವಳು ಪ್ರಶ್ನೆಯನ್ನು ಚಿಕ್ಕದು ಮಾಡುವುದಿಲ್ಲ, ಬಿಡಿಸಿ ಕೇಳುತ್ತಾಳೆ. "ಅಣ್ಣಾರ, ಮೈಮ್ಯಾಲೆ ಹಚ್ಚಿ ಹಾಕಿಸ್ಕೊಂಡೀರೇನ್ರಿ? ಯಾವಾಗ?" ಅಣ್ಣ ತೋಳು ತಿರುಗಿಸಿ ತೋರಿಸುತ್ತಾನೆ. ಈ ಸಲದ ಸಂಕ್ರಾಂತಿ ಜಾತ್ರೆಯಲ್ಲಿ ಹಾಕಿಸಿದ್ದು. ಅವಳು ಬೆರಳು ಮಡಚಿ ಎಣಿಸುತ್ತಾಳೆ, ಐದೇ ತಿಂಗಳಾಗಿದೆ. ಜಾತ್ರೆಯ ಯಂತ್ರದಲ್ಲಿ ಒಬ್ಬರ ಸೂಜಿ ಇನ್ನೊಬ್ಬರಿಗೆ ಹೋಗಿಲ್ಲ ಎಂದು ಹೇಳುವವರು ಯಾರು? ಮತ್ತೆ ಕೇಳುತ್ತಾಳೆ, "ಇವತ್ತು ಗಾಡಿ ಹೊಡೀಲಿಕ್ಕಿ ಅದ ಏನ್ರಿ?" ರಾತ್ರಿ ಹೈದರಾಬಾದಿಗೆ ಲೋಡು ಇದೆ. ಹಚ್ಚೆ ಇಲ್ಲದಿದ್ದರೂ ಇವತ್ತು ಅವನಿಂದ ರಕ್ತ ತೆಗೆಯುವ ಹಾಗಿರಲಿಲ್ಲ. ದೂರದ ಗಾಡಿ ಓಡಿಸುವವರು ಮುಂದಿನ ಪಾಳಿಗೆ ಕನಿಷ್ಠ 24 ಗಂಟೆ ಬಾಕಿ ಇದ್ದಾಗ ಮಾತ್ರ ರಕ್ತ ಕೊಡಬೇಕು.

ಇಂಥಲ್ಲಿ ಶಿಬಿರದವರು ಬಳಸುವ ಮಾತೊಂದಿದೆ: ರಿಜೆಕ್ಟ್. ಅದನ್ನು ಬಿಟ್ಟರೆ ಒಳ್ಳೆಯದು. ನಾಲ್ಕು ಜನರ ಮುಂದೆ ರಿಜೆಕ್ಟ್ ಅನ್ನಿಸಿಕೊಂಡವನು ತನ್ನ ರಕ್ತದಲ್ಲೇ ಏನೋ ದೋಷವಿದೆ ಎಂದುಕೊಂಡು ಹೋಗುತ್ತಾನೆ, ಊರವರೂ ಹಾಗೇ ಅಂದುಕೊಳ್ಳುತ್ತಾರೆ. ಮುಂದಿನ ಸಲ ಅವನು ಬರುವುದಿಲ್ಲ, ಬಂದರೆ ಅಂಗಿಯ ತೋಳು ಇಳಿಸಿಕೊಂಡು ಬಂದು "ಹಚ್ಚೆ ಇಲ್ಲ" ಎನ್ನುತ್ತಾನೆ. ಆ ಹೆಣ್ಣುಮಗಳು ಹಾಗೆ ಮಾಡಲಿಲ್ಲ. "ಇವತ್ತು ಬ್ಯಾಡ್ರಿ ಅಣ್ಣಾರ, ಮುಂದಿನ ಸಂಕ್ರಾಂತಿ ಆದ ಮ್ಯಾಲೆ ಬರ್ರಿ" ಎಂದು ಚೀಟಿಯ ಮೇಲೆ ಕಾರಣವನ್ನೂ ತಿಂಗಳನ್ನೂ ಬರೆದುಕೊಟ್ಟಳು. ದಿನ ಗೊತ್ತಾದರೆ ಅದು ಬರೀ ಮುಂದೂಡಿಕೆಯಾಗಿ ಉಳಿಯುತ್ತದೆ, ಅವಮಾನವಾಗುವುದಿಲ್ಲ.

ಈಗ ತಮ್ಮನ ಸರದಿ. 45 ಕಿಲೋ ಮೇಲಿದ್ದರೆ 350 ಮಿಲಿಲೀಟರ್ ತೆಗೆಯಬಹುದು, 450 ತೆಗೆಯಲು ತೂಕ 55 ಕಿಲೋ ದಾಟಬೇಕು. ಈ ಅಂಕಿಗಳ ಹಿಂದೆ ಒಂದು ಸರಳ ಲೆಕ್ಕವಿದೆ. ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಇರುತ್ತದೆ, ಅದರಲ್ಲಿ ಕಿಲೋಗೆ 8 ಮಿಲಿಲೀಟರ್‌ನಷ್ಟು ತೆಗೆದರೆ ದೇಹ ಸಹಿಸಿಕೊಳ್ಳುತ್ತದೆ. ಹುಡುಗನ 47 ಕಿಲೋಗೆ 376 ಆಯಿತು, 350 ಅದರೊಳಗೇ ಬರುತ್ತದೆ. ಆದರೆ ಅವನು ಅಂಚಿಗೆ ಹತ್ತಿರ ಇದ್ದಾನೆ. ವಯಸ್ಸು ಚಿಕ್ಕದು, ತೂಕ ಕಡಿಮೆ, ಕೊಡುತ್ತಿರುವುದು ಮೊದಲ ಸಲ. ಚಕ್ಕರ್ ಬರುವವರಲ್ಲಿ ಈ ಮೂರೂ ಗುಣ ಇರುವವರೇ ಹೆಚ್ಚು. ಅದಕ್ಕೇ ಅವನಿಗೆ ಉಪವಾಸದ ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು. "ಮುಂಜಾನಿಂದ ಏನೇನು ತಿಂದಿ ತಮ್ಮಾ? ಎಷ್ಟೊತ್ತಿಗೆ?" ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ. "ಚಾ ಕುಡದೀನ್ರಿ. ಶನಿವಾರ ಅಲ್ರೀ, ಒಪ್ಪತ್ತು." ಸತ್ಯ ಹೊರಬಂತು. ಅವನಿಗೆ ಎರಡು ದಾರಿ. ಒಪ್ಪತ್ತು ಮುರಿಯಲಾಗದಿದ್ದರೆ ಇನ್ನೊಂದು ವಾರ ಬರಲಿ. ಮುರಿಯುವುದಾದರೆ ಪಕ್ಕದ ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದು, ಒಂದು ತಾಸು ಕೂತು, ಸೂಜಿಗೆ ಅರ್ಧ ತಾಸು ಮುಂಚೆ ಅರ್ಧ ಲೀಟರ್ ನೀರು ಕುಡಿಯಲಿ. ಈ ನೀರು ಉಪಚಾರಕ್ಕಾಗಿ ಕೊಡುವುದಲ್ಲ. ರಕ್ತ ಹೋದ ಕೂಡಲೇ ಒತ್ತಡ ಕುಸಿಯದಂತೆ ಅದು ತಡೆಯುತ್ತದೆ.

ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಾರೆ. ಹಲವು ಶಿಬಿರಗಳಲ್ಲಿ ಇದಕ್ಕೆ ಮೈಲುತುತ್ತದ ನೀಲಿ ದ್ರಾವಣ ಬಳಸುತ್ತಾರೆ. ಅದರ ಸಾಂದ್ರತೆಯನ್ನು 1.053ಕ್ಕೆ ಹೊಂದಿಸಿರುತ್ತಾರೆ, ಅದು 12.5 ಗ್ರಾಂ ಹಿಮೋಗ್ಲೋಬಿನ್ ಇರುವ ರಕ್ತದ ತೂಕಕ್ಕೆ ಸಮ. ಒಂದು ಹನಿ ಬಿಟ್ಟರೆ 15 ಸೆಕೆಂಡಿನೊಳಗೆ ತಳ ಸೇರಬೇಕು. ತೇಲಿದರೆ ಅಥವಾ ನಡುವೆ ನಿಂತರೆ ರಕ್ತ ತೆಳುವಾಗಿದೆ ಎಂದರ್ಥ. ಹನಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಒಳ್ಳೆಯ ರಕ್ತವೂ ತೇಲುತ್ತದೆ, ಆದ್ದರಿಂದ ಮೊದಲ ಹನಿ ತೇಲಿದವರನ್ನು ಕೂಡಲೇ ಕಳಿಸದೆ ಇನ್ನೊಮ್ಮೆ ನೋಡುವುದು ಸರಿ. ಹುಡುಗನ ಹನಿ ಮುಳುಗಿತು ಎಂದಿಟ್ಟುಕೊಳ್ಳಿ.

ಇನ್ನು ಉಳಿದದ್ದು ಫಾರಂನ ಅತ್ಯಂತ ಕಷ್ಟದ ಭಾಗ, ಖಾಸಗಿ ಪ್ರಶ್ನೆಗಳು. ಲೈಂಗಿಕ ಸಂಪರ್ಕದ ಬಗ್ಗೆ, ನಶೆಯ ಸೂಜಿಯ ಬಗ್ಗೆ ಕೇಳುವ ಸಾಲುಗಳು. ಕುರುಡು ಅವಧಿಯನ್ನು ಹಿಡಿಯುವ ಮುಖ್ಯ ಬಲೆ ಇದೇ. ಸಣ್ಣ ಊರಿನಲ್ಲಿ ಇದು ಹರಿಯುವುದೂ ಇಲ್ಲಿಯೇ, ಯಾಕೆಂದರೆ ಫಾರಂ ತುಂಬುವವನು ಓಣಿಯ ಹುಡುಗ, ಪಕ್ಕದ ಕುರ್ಚಿಯಲ್ಲಿ ಮಾವನ ಮಗ. ಹದಿನೈದು ಜನ ಕೇಳುತ್ತಿರುವಾಗ ಯಾರೂ ಹೌದು ಎನ್ನುವುದಿಲ್ಲ. ಹೀಗಾಗಿ ಈ ಸಾಲುಗಳನ್ನು ಪರಿಚಯದವರು ಕೇಳಲೇಬಾರದು. ಹಳ್ಳಿಯವರಲ್ಲದ ಡಾಕ್ಟರೋ ಸಮಾಲೋಚಕರೋ ಪರದೆಯ ಹಿಂದೆ, ಬೇರೆ ಮೇಜಿನಲ್ಲಿ, ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು. ಅದಕ್ಕೂ ಮುಂಚೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: "ಕೊಡಲಿಕ್ಕೆ ಮನಸ್ಸಿಲ್ಲ ಅಂದ್ರ ಕಾರಣ ಹೇಳೋದು ಬ್ಯಾಡ. ಬಿಪಿ ಜಾಸ್ತಿ ಅದ ಅಂತ ಹೊರಗ ಹೇಳ್ರಿ, ನಾವೂ ಹಾಂಗ ಹೇಳತೀವಿ." ಮರ್ಯಾದೆಯಿಂದ ಹೊರಹೋಗಲು ಬಾಗಿಲು ಇಟ್ಟರೆ ಹೋಗಬೇಕಾದವರು ಹೋಗುತ್ತಾರೆ.

ಫಾರಂನ ಕೊನೆಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಪರೀಕ್ಷೆಯಲ್ಲಿ ಏನಾದರೂ ಕಂಡುಬಂದರೆ ನಿಮಗೆ ತಿಳಿಸಬೇಕೇ? ಬಹಳ ಜನ ಓದದೆ ಗುರುತು ಹಾಕುತ್ತಾರೆ. ಹೌದು ಎಂದವರಿಗೆ ತಿಳಿಸಲು ನಂಬರು ಬೇಕು. ಪಾಲಮೂರು ಸೀಮೆಯಿಂದ ಮುಂಬೈ, ಪುಣೆ, ಹೈದರಾಬಾದಿಗೆ ಕೂಲಿಗೆ ಹೋಗುವುದು ಇಲ್ಲಿಯ ಹಳೆಯ ಕಥೆ. ಸುಗ್ಗಿ ಮುಗಿದರೆ ಸಿಮ್ಮು ಬದಲಾಗುತ್ತದೆ. ಮನೆಯ ಇನ್ನೊಬ್ಬರ ನಂಬರು ಕೊಡೋಣ ಎಂದರೆ ಇಂಥ ಸುದ್ದಿ ಇನ್ನೊಬ್ಬರ ಕಿವಿಗೆ ಹೋಗಬಾರದು. ತನ್ನದೇ ನಂಬರು, ಬದಲಾದರೆ ತಾನೇ ಕರೆದು ತಿಳಿಸುವುದು. ಇದನ್ನು ಫಾರಂ ತುಂಬುವಾಗಲೇ ಬಾಯಿಬಿಟ್ಟು ಹೇಳಬೇಕು.

ರಕ್ತ ಕೊಡುವುದು ಐದರಿಂದ ಎಂಟು ನಿಮಿಷದ ಕೆಲಸ. ಮುಗಿದ ಮೇಲೆ ಹುಡುಗನ ಕೈಗೆ ಎರಡನೆಯ ಕಾಗದ ಬರುತ್ತದೆ. ಹೆಚ್ಚು ನೀರು ಕುಡಿಯಿರಿ, ಶ್ರಮದ ಕೆಲಸ ಬೇಡ, ಧೂಮಪಾನ ಬೇಡ ಎಂದು ಅದರಲ್ಲಿರುತ್ತದೆ. ತಪ್ಪೇನೂ ಇಲ್ಲ. ಆದರೆ ಹತ್ತಿ ಬಿತ್ತಲು ಹೋಗುವವನಿಗೆ ಶ್ರಮದ ಕೆಲಸ ಯಾವುದು? ಬಿತ್ತುವುದು ಅವನಿಗೆ ದಿನದ ಕೆಲಸ, ಶ್ರಮ ಎಂದರೆ ಮೂಟೆ ಹೊರುವುದು. ನಾರಾಯಣಪೇಟೆಯ ನೇಕಾರನಿಗೂ ಹಾಗೇ. ಮಗ್ಗದಲ್ಲಿ ಕೂತು ನೇಯುವುದನ್ನು ಅವನು ಭಾರದ ಕೆಲಸ ಎಂದುಕೊಳ್ಳುವುದಿಲ್ಲ, ಆದರೆ ಕೈ ಎಳೆದೆಳೆದು ಲಾಳಿ ಓಡಿಸಿದರೆ ಸೂಜಿಯ ಗಾಯ ಮತ್ತೆ ಬಿಚ್ಚಿ ಚರ್ಮದ ಕೆಳಗೆ ರಕ್ತ ಕೂಡುತ್ತದೆ. ಚೀಟಿ ಈ ಸೀಮೆಯದ್ದಾಗಬೇಕಾದರೆ ಕೆಲಸವನ್ನು ಹೆಸರಿಟ್ಟು ಹೇಳಬೇಕು: ಇವತ್ತು ಮಗ್ಗ ಬೇಡ, ಕೊಡಪಾನ ಬೇಡ, ಮೂಟೆ ಬೇಡ, ಬಿಸಿಲಲ್ಲಿ ಬಿತ್ತನೆ ಬೇಡ. ಯಾವ ತೋಳಿನಿಂದ ತೆಗೆಯಬೇಕು ಎಂದು ಮೊದಲೇ ಕೇಳಿ, ಕೆಲಸದ ಕೈಯನ್ನು ಬಿಟ್ಟು ಇನ್ನೊಂದನ್ನು ಆರಿಸಿದರೆ ಇನ್ನೂ ವಾಸಿ.

ನನಗೆ ಚೀಟಿಯಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಇರಬೇಕು ಅನ್ನಿಸುವುದು ಚಕ್ಕರಿನ ಮಾತು. ಸೂಜಿ ತೆಗೆದ ಹತ್ತು ಹದಿನೈದು ನಿಮಿಷದಲ್ಲಿ ಬರುವ ಚಕ್ಕರನ್ನು ಶಿಬಿರದವರು ನೋಡಿಕೊಳ್ಳುತ್ತಾರೆ, ಕುರ್ಚಿಯಲ್ಲಿ ಕೂರಿಸಿ ಹಣ್ಣಿನ ರಸ ಕೊಡುವುದೇ ಅದಕ್ಕೆ. ಭಯದ್ದು ತಡವಾಗಿ ಬರುವ ಚಕ್ಕರ್. ಅದು ತಾಸೆರಡು ತಾಸಿನ ಮೇಲೂ ಬರಬಹುದು, ದಾರಿಯಲ್ಲಿ, ಬಸ್ಸಿನಲ್ಲಿ ನಿಂತಾಗ, ಮೂತ್ರಕ್ಕೆ ಹೋದಾಗ. ಮಕ್ತಲಿನಿಂದ ಊರಿಗೆ ಬೈಕು ಹೊಡೆಯುವಾಗ ಬಂದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಅದು ಬರುವ ಮುಂಚೆ ಗುರುತು ಕೊಡುತ್ತದೆ: ಬೆವರು, ಆಕಳಿಕೆ, ಹೊಟ್ಟೆ ತೊಳಸುವುದು, ಕಣ್ಣಿಗೆ ಕತ್ತಲೆ, ಕಿವಿಯಲ್ಲಿ ಗುಂಯ್ ಎನ್ನುವುದು. ಇವುಗಳಲ್ಲಿ ಒಂದು ಕಂಡರೂ ಅದು ತಾನೇ ಹೋಗುತ್ತದೆ ಎಂದು ಕಾಯದೆ, ಇದ್ದಲ್ಲೇ ನೆಲಕ್ಕೆ ಮಲಗಿ ಕಾಲು ಎತ್ತರಕ್ಕೆ ಇಡಬೇಕು. ಬೈಕಿನಲ್ಲಿದ್ದರೆ ಬದಿಗೆ ನಿಲ್ಲಿಸಿ ಇಳಿಯಬೇಕು. ನಿಂತೇ ಸುಧಾರಿಸಿಕೊಳ್ಳಲು ನೋಡಿದವರು ಬೀಳುತ್ತಾರೆ, ಮತ್ತು ಪೆಟ್ಟಾಗುವುದು ಬಿದ್ದದ್ದರಿಂದ. ನಮ್ಮ ಹುಡುಗನ ಮಟ್ಟಿಗೆ ಒಂದು ಅನುಕೂಲವಾಯಿತು. ರಕ್ತ ಕೊಡದ ಅಣ್ಣ ಜೊತೆಗಿದ್ದಾನೆ, ಬೈಕು ಅವನು ಹೊಡೆಯುತ್ತಾನೆ.

ಪಟ್ಟಿಯನ್ನು ನಾಲ್ಕೈದು ತಾಸು ಬಿಚ್ಚಬಾರದು. ಬಿಚ್ಚಿದ ಮೇಲೆ ರಕ್ತ ಒಸರಿದರೆ ತೋಳು ತಲೆಯ ಮೇಲೆತ್ತಿ, ಇನ್ನೊಂದು ಕೈಯ ಬೆರಳಿನಿಂದ ಐದು ನಿಮಿಷ ಒತ್ತಿ ಹಿಡಿಯಬೇಕು. ಮಾರನೆಯ ದಿನ ಸೂಜಿ ಚುಚ್ಚಿದಲ್ಲಿ ನೀಲಿಗಟ್ಟಿದರೆ ಹೆದರುವ ಕಾರಣವಿಲ್ಲ, ಅದು ಹಸಿರಾಗಿ ಹಳದಿಯಾಗಿ ವಾರ ಹತ್ತು ದಿನದಲ್ಲಿ ಹೋಗುತ್ತದೆ. ಮೊದಲ ದಿನ ತಣ್ಣೀರ ಬಟ್ಟೆ, ಆಮೇಲೆ ಬೇಕಾದರೆ ಬೆಚ್ಚಗಿನ ಬಟ್ಟೆ. ಊತ ಬೆಳೆಯುತ್ತ ಹೋದರೆ, ಬೆರಳುಗಳು ಜುಮ್ಮೆನ್ನುತ್ತಿದ್ದರೆ ಅಥವಾ ತೋಳಿನಲ್ಲಿ ಚಳಕು ಹೊಡೆದಂತೆ ನೋವಿದ್ದರೆ ಮಾತ್ರ ಅಂದೇ ರಕ್ತಕೇಂದ್ರಕ್ಕೆ ಕರೆ ಮಾಡಬೇಕು.

ಚೀಟಿಯಲ್ಲಿ ಫೋನ್ ನಂಬರು ಇರುವುದು ದಾನಿಯ ಸಲುವಾಗಿ ಎಂದೇ ಎಲ್ಲರೂ ತಿಳಿಯುತ್ತಾರೆ. ಅರ್ಧ ಸರಿ. ಇನ್ನರ್ಧ ರೋಗಿಯ ಸಲುವಾಗಿ. ರಕ್ತ ಕೊಟ್ಟ ಎರಡು ದಿನಕ್ಕೆ ಹುಡುಗನಿಗೆ ಜ್ವರ ಬಂತು ಎಂದುಕೊಳ್ಳಿ. ಮಳೆಗಾಲ, ಡೆಂಗಿಯೂ ಇರಬಹುದು. ಕೊಟ್ಟ ದಿನ ಅವನು ಚೆನ್ನಾಗಿಯೇ ಇದ್ದ, ಆದರೆ ವೈರಸ್ಸು ಆಗಲೇ ರಕ್ತದಲ್ಲಿತ್ತು. ಡೆಂಗಿ ಆ ಐದು ಪರೀಕ್ಷೆಗಳಲ್ಲಿ ಇಲ್ಲ. ಅವನು ಕರೆ ಮಾಡಿ ತನ್ನ ಹೆಸರು, ಕೊಟ್ಟ ದಿನ, ಚೀಟಿಯಲ್ಲಿರುವ ನಂಬರು ಹೇಳಿದರೆ ಕೇಂದ್ರದವರು ಆ ಚೀಲವನ್ನು ಬದಿಗಿಡಬಹುದು. ರಕ್ತವನ್ನು ಬೇರ್ಪಡಿಸಿದ್ದರೆ ಪ್ಲೇಟ್‌ಲೆಟ್ ಐದು ದಿನದೊಳಗೆ ಯಾರಿಗೋ ಹೋಗಿಬಿಡುತ್ತದೆ, ಕೆಂಪು ರಕ್ತವನ್ನು ಮಾತ್ರ 35 ದಿನದವರೆಗೆ ಇಟ್ಟಿರಬಹುದು. ಹೀಗಾಗಿ ಕರೆ ಮಾಡುವುದು ಜ್ವರ ಬಂದ ದಿನವೇ ಆಗಬೇಕು, ಜ್ವರ ಬಿಟ್ಟ ಮೇಲಲ್ಲ. ಪರದೆಯ ಹಿಂದೆ ಹೇಳಲಾಗದ್ದನ್ನು ಮನೆಗೆ ಹೋಗಿ ಹೇಳಲೂ ಇದೇ ನಂಬರು. "ನನ್ನ ಚೀಲ ಬಳಸಬೇಡಿ" ಎಂದಷ್ಟೇ ಸಾಕು. ಕರೆ ಎತ್ತುವವರಿಗೆ ಕನ್ನಡವೂ ಬಂದರೆ ಈ ಹಳ್ಳಿಗಳಿಂದ ಕರೆ ಬರುತ್ತದೆ, ಬರದಿದ್ದರೆ ಬರುವುದು ಕಡಿಮೆ.

ಇನ್ನು ಹೋದ ರಕ್ತ ಯಾವಾಗ ತುಂಬುತ್ತದೆ? ನೀರಿನ ಭಾಗ ಒಂದೆರಡು ದಿನದಲ್ಲಿ, ಕೆಂಪು ಕಣಗಳು ಒಂದೆರಡು ತಿಂಗಳಲ್ಲಿ. ಕಬ್ಬಿಣಾಂಶ ಮಾತ್ರ ನಿಧಾನ. ಹುಡುಗನ ಹಿಮೋಗ್ಲೋಬಿನ್ 14 ಇದ್ದರೆ 350 ಮಿಲಿಲೀಟರಿನಲ್ಲಿ 49 ಗ್ರಾಂ ಹಿಮೋಗ್ಲೋಬಿನ್ ಹೋಯಿತು. ಒಂದು ಗ್ರಾಮಿನಲ್ಲಿ 3.4 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಒಟ್ಟು ಸುಮಾರು 167 ಮಿಲಿಗ್ರಾಂ. ದೇಹ ದಿನನಿತ್ಯದ ಖರ್ಚು ಕಳೆದು ಎರಡು ಮಿಲಿಗ್ರಾಮಿಗಿಂತ ಸ್ವಲ್ಪ ಕಡಿಮೆ ಉಳಿಸಿಕೊಂಡರೂ ಮೂರು ತಿಂಗಳು ಹಿಡಿಯುತ್ತದೆ. ಗಂಡಸರಿಗೆ 90 ದಿನದ ಅಂತರ ಇಟ್ಟಿರುವುದಕ್ಕೂ, ತಿಂಗಳು ತಿಂಗಳು ರಕ್ತ ಹೋಗುವ ಹೆಂಗಸರಿಗೆ ಅದನ್ನು 120 ಮಾಡಿರುವುದಕ್ಕೂ ಈ ಲೆಕ್ಕ ಹೊಂದುತ್ತದೆ. ನೀಲಿ ದ್ರಾವಣದಲ್ಲಿ ಹನಿ ಮುಳುಗಿದ ಮಾತ್ರಕ್ಕೆ ಒಳಗಿನ ಕಬ್ಬಿಣದ ಉಗ್ರಾಣ ತುಂಬಿದೆ ಎಂದು ತಿಳಿಯಬಾರದು, ಅದು ಖಾಲಿಯಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಊಟದಲ್ಲಿ ಕಬ್ಬಿಣ ಇದೆ, ಆದರೆ ಮೈಗೆ ಹತ್ತುವುದು ಅದರಲ್ಲಿ ಸ್ವಲ್ಪವೇ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ, ಉಂಡ ಕೂಡಲೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಒಂದೆರಡು ತಾಸು ಬಿಟ್ಟು ಚಹಾ ಕುಡಿಯಿರಿ ಎಂಬ ಸಾಲು ನಾನು ನೋಡಿದ ಚೀಟಿಗಳಲ್ಲಿ ಸಿಕ್ಕಿಲ್ಲ, ಚಹಾ ಬಿಟ್ಟಿರದ ಈ ಸೀಮೆಯ ಚೀಟಿಗೆ ಅದು ಬೇಕು.

ಆ ಹೆಣ್ಣುಮಗಳು ಚೀಟಿಯ ಕೆಳಗೆ ತಮ್ಮನಿಗಾಗಿ ಪೆನ್ನಿನಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆದಳು. "ಮುಂದಿನ ಸಲ ಸೆಪ್ಟೆಂಬರ್ 12ರ ಮ್ಯಾಲೆ. ಒಪ್ಪತ್ತಿನ ದಿನ ಬ್ಯಾಡ."